ಒಂದೇ ಮರಿ, ಐದು ಬಾಯಿ, ಐದು ಹೆಸರು: ಏನಂತ ಕರೆಯೋದು?

ಹೇಮಾವತಿ_ದಡ
ಹೊಳೆನರಸೀಪುರದ ಹತ್ತಿರ ನಮ್ಮ ಮನೆ. ಹನ್ನೆರಡು ದಿನದ ಹಿಂದೆ ಒಂದು ಗಂಡು ನಾಯಿಮರಿ ತಂದ್ವಿ. ನಾಟಿ ಮರಿ, ಕಂದು ಬಣ್ಣ, ಈಗ ಎರಡು ತಿಂಗಳು ಇರಬಹುದು. ಒಂಬತ್ತು ವರ್ಷದ ಮಗಳು ತಂದ ದಿನವೇ 'ಸಿಂಬಾ' ಅಂತ ಹೆಸರಿಟ್ಟಳು. ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಮಗಳು ಸಿಂಬಾ ಅಂತಾಳೆ. ಮೂರು ವರ್ಷದ ಮಗ 'ತಿಮ್ಮಾ' ಅಂತಾನೆ. ಮನೆಯವರು ಗೇಟ್ ಹತ್ತಿರ ನಿಂತು 'ಸಿಂಬೂ, ಲೇ ಸಿಂಬೂ' ಅಂತಾರೆ. ನಾನು ಅಡುಗೆಮನೆಯಿಂದ ಅವಸರದಲ್ಲಿ ಏನು ಬಾಯಿಗೆ ಬರುತ್ತೋ ಅದು. ನಮ್ಮತ್ತೆಗೆ ಎಪ್ಪತ್ತೆರಡು, ಅವರು ಹೆಸರು ಹಿಡಿದು ಕರೆಯೋದೇ ಇಲ್ಲ. 'ಏ, ಇದೇ, ಬಾ ಇಲ್ಲಿ' ಅಷ್ಟೆ. ಮರಿ ಯಾರು ಕರೆದರೂ ಒಂದ್ಸಲ ನೋಡುತ್ತೆ, ಇನ್ನೊಂದ್ಸಲ ಚಪ್ಪಲಿ ಕಚ್ಚಿಕೊಂಡು ಕೂತಿರುತ್ತೆ. ಹೆಸರು ಬದಲಾಯಿಸಬೇಕಾ? ಬದಲಾಯಿಸಿದರೆ ಮರಿಗೆ ಗೊಂದಲ ಆಗಲ್ವಾ? ಎಲ್ಲರ ಬಾಯಿಗೂ ಸಲೀಸಾಗಿ ಬರೋ ಹೆಸರು ಹುಡುಕೋದು ಹೇಗೆ?

ಸಿಡುಕು_ಸಿದ್ಧ
ಬದಲಾಯಿಸಬೇಡಿ, ಸಿಂಬಾ ಸೂಪರ್ ಹೆಸರು. ನಿಯಮ ಸಿಂಪಲ್. ಎರಡೇ ಅಕ್ಷರ ಇರಬೇಕು, ಕ, ಟ, ಸ ತರ ಗಟ್ಟಿ ಸದ್ದಿಂದ ಶುರುವಾಗಬೇಕು. ಮೃದು ಅಕ್ಷರದ ಹೆಸರು ನಾಯಿ ಕಿವಿಗೆ ಬೀಳೋದೇ ಇಲ್ಲ. ಅದೂ ಅಲ್ದೆ ಸಿಂಬಾದಲ್ಲಿ 'ಬಾ' ಅಂತ ಒಳಗೇ ಇದೆ. ಹೆಸರು ಕರೆದರೆ ಸಾಕು, ಬಾ ಅಂತ ಬೇರೆ ಹೇಳಬೇಕಾಗಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಪಂಚಾಂಗ_ಪ್ರಿಯ
ಮರಿ ಹುಟ್ಟಿದ ದಿನ, ವೇಳೆ ಗೊತ್ತಿದೆಯಾ? ನಕ್ಷತ್ರ ತಿಳಿದರೆ ಮೊದಲ ಅಕ್ಷರ ಹೇಳಬಹುದು. ಅಶ್ವಿನಿ ಆದರೆ ಚು, ಚೆ, ಚೋ, ಲಾ. ನಮ್ಮನೆ ಬೆಕ್ಕಿಗೂ ಹಾಗೇ ಇಟ್ಟಿದ್ದು, ಚುಕ್ಕಿ ಅಂತ.

ಹೇಮಾವತಿ_ದಡ
ಸರ್, ಮರಿ ಹುಟ್ಟಿದ್ದು ಯಾರದ್ದೋ ಕೊಟ್ಟಿಗೆ ಹಿಂದೆ. ದಿನವೇ ಸರಿಯಾಗಿ ಗೊತ್ತಿಲ್ಲ, ಇನ್ನು ವೇಳೆ ಎಲ್ಲಿಂದ ತರಲಿ.

ಡಾಗ್‌ಸ್ಕ್ವಾಡ್_ಮಾಜಿ
ಪೊಲೀಸ್ ಇಲಾಖೆಯ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿದ್ದೆ, ಈಗ ನಿವೃತ್ತಿ. ಮೇಡಂ, ಹೆಸರು ಬದಲಾಯಿಸೋ ಮಾತು ಆಮೇಲೆ. ಮೊದಲು ಮರಿಗೆ 'ಸಿಂಬಾ' ಗೊತ್ತಿದೆಯಾ ಅಂತ ನೋಡೋಣ.

ನಾಳೆ ಬೆಳಿಗ್ಗೆ ಒಂದು ಪರೀಕ್ಷೆ ಮಾಡಿ. ಮರಿ ಎಚ್ಚರ ಇರಬೇಕು, ಆದರೆ ನಿಮ್ಮನ್ನು ನೋಡ್ತಾ ಇರಬಾರದು. ಕೈಯಲ್ಲಿ ತಿಂಡಿ ಇರಬಾರದು. ನಾಲ್ಕೈದು ಅಡಿ ದೂರ ನಿಂತು, ಸಿಂಬಾ ಅಂತ ಯಾವ ರಾಗದಲ್ಲಿ ಕರೀತೀರೋ ಅದೇ ರಾಗದಲ್ಲಿ 'ಡಬ್ಬಾ' ಅನ್ನಿ. ಸ್ವಲ್ಪ ಹೊತ್ತು ಬಿಟ್ಟು 'ಗಂಟೆ' ಅನ್ನಿ. ಆಮೇಲೆ 'ಸಿಂಬಾ' ಅನ್ನಿ. ಮೂರಕ್ಕೂ ತಿರುಗಿದರೆ ಅದಕ್ಕೆ ಗೊತ್ತಿರೋದು ನಿಮ್ಮ ರಾಗ, ಹೆಸರಲ್ಲ.

ಸಿದ್ಧ ಅವರೇ, ನಿಮ್ಮ ಮಾತು ಅರ್ಧ ಸರಿ. ಚಿಕ್ಕ ಹೆಸರು ಒಳ್ಳೇದು, ಯಾಕಂದ್ರೆ ಉದ್ದ ಹೆಸರನ್ನ ಮನೆಯವರೇ ತಲೆಗೊಂದು ತರ ಕತ್ತರಿಸ್ತಾರೆ. ಆದರೆ ಮೃದು ಅಕ್ಷರ ನಾಯಿಗೆ ಕೇಳೋದೇ ಇಲ್ಲ ಅನ್ನೋದು ಸುಳ್ಳು. ನಮಗಿಂತ ಎರಡು ಪಟ್ಟು ಎತ್ತರದ ಸದ್ದು ಅದಕ್ಕೆ ಕೇಳುತ್ತೆ, ನಮ್ಮ ಮಾತೆಲ್ಲ ಅದರ ಕಿವಿಯ ಒಳಗೇ ಇರೋದು. ಗಟ್ಟಿ ಅಕ್ಷರದ ಲಾಭ ಇಷ್ಟೆ: ಟಿವಿ, ಮಿಕ್ಸಿ ಸದ್ದಿನ ಮಧ್ಯೆ ಹೆಸರು ಎಲ್ಲಿ ಶುರುವಾಯ್ತು ಅಂತ ಸ್ಪಷ್ಟ ಆಗುತ್ತೆ.

ಇನ್ನು ಸಿಂಬಾದೊಳಗಿನ ಆ 'ಬಾ'. ಅದು ಲಾಭ ಅಲ್ಲ, ತೊಂದರೆ. ರಸ್ತೆ ಆಚೆ ಮರಿ ಇದೆ, ಈಚೆ ನೀವು, ನಡುವೆ ಲಾರಿ ಬರ್ತಿದೆ ಅಂದ್ಕೊಳ್ಳಿ. 'ಸಿಂಬಾ, ಅಲ್ಲೇ ಇರು' ಅಂತೀರಿ. ಮೊದಲರ್ಧದಲ್ಲೇ ಬಾ ಅಂದುಬಿಟ್ರಿ ತಾನೆ?

ಸಿಡುಕು_ಸಿದ್ಧ
ನಮ್ಮ ದಸರಾ ಆನೆ ಅಭಿಮನ್ಯು, ನಾಲ್ಕಕ್ಷರ. 2020ರಿಂದ ಅಂಬಾರಿ ಹೊತ್ತಿದ್ದು ಅದೇ. ಹೆಸರಲ್ಲೇ 'ಬಿ' ಅಂತ ಬರುತ್ತೆ, ಅದೇನು ಬಿದ್ದುಹೋಯ್ತಾ? ಸುಮ್ಮನೆ ಹೆದರಿಸಬೇಡಿ ಸರ್.

ಡಾಗ್‌ಸ್ಕ್ವಾಡ್_ಮಾಜಿ
ಆನೆಯನ್ನ ದಿನವೂ ಕರೆಯೋದು ಮಾವುತ, ಕಾವಾಡಿ. ಪಳಗಿದ ಎರಡೇ ದನಿ. ನಮ್ಮಲ್ಲೂ ಹಾಗೇ, ನಾಯಿಯ ಜೊತೆ ಹ್ಯಾಂಡ್ಲರ್ ಬಿಟ್ಟು ಬೇರೆಯವರಿಗೆ ಕೆಲಸ ಇಲ್ಲ. ದಾವಣಗೆರೆಯ ತುಂಗಾ ಹೆಸರು ಕೇಳಿರ್ತೀರಿ, ಕೊಲೆ ಕೇಸುಗಳಲ್ಲಿ ಹೆಸರು ಮಾಡಿದ ಡಾಬರ್‌ಮನ್. ಅಂಥ ನಾಯಿಗೆ ಏನು ಹೆಸರಿಟ್ಟರೂ ನಡೆಯುತ್ತೆ, ಕರೆಯೋ ಬಾಯಿ ಬದಲಾಗಲ್ಲವಲ್ಲ. ಮೇಡಂ ಮನೆಯಲ್ಲಿ ಐದು ಬಾಯಿ, ಅದರಲ್ಲಿ ಒಂದಕ್ಕೆ ಇನ್ನೂ 'ಸ' ಬಂದಿಲ್ಲ.

ಜರ್ಸಿ_ಕನ್ನಡಿಗ
ನಮ್ಮ ಕಥೆ ಕೇಳಿ. ಇಲ್ಲಿ ಶೆಲ್ಟರ್‌ನಿಂದ ನಾಲ್ಕು ವರ್ಷದ ನಾಯಿ ತಂದ್ವಿ. ಹೆಸರು ಅವರೇ ಇಟ್ಟಿದ್ದು, ಬಡಿ. ಮಕ್ಕಳಿಗೆ ಇಷ್ಟ, ಹಾಗೇ ಬಿಟ್ವಿ. ಬೇಸಿಗೆಗೆ ಮಂಡ್ಯದಿಂದ ಅಪ್ಪ ಅಮ್ಮ ಬಂದರು. ಅಪ್ಪನ ಬಾಯಲ್ಲಿ ಅದು 'ಬಡ್ಡಿ' ಆಯ್ತು. ಪಾರ್ಕಲ್ಲಿ ನಿಂತು 'ಏ ಬಡ್ಡೀ' ಅಂತ ಕೂಗೋರು. ಅಲ್ಲಿ ವಾಕಿಂಗ್ ಬರೋ ಕನ್ನಡದವರು ಮುಂದಿನ ಪದಕ್ಕೆ ಕಾಯ್ತಾ ನಿಲ್ಲೋರು! ಅಮ್ಮ ಅಂತೂ 'ಥೂ, ಮನೆಯೊಳಗೆ ಬೆಳಗಾಗೆದ್ದು ಬಡ್ಡಿ ಬಡ್ಡಿ ಅಂತ ಎಂಥದು' ಅಂತ ಆ ಹೆಸರನ್ನ ಹೇಳಲೇ ಇಲ್ಲ.

ಕೊನೆಗೆ ಹೆಸರು ಬದಲಾಯಿಸಿದ್ವಿ. ನಾಲ್ಕು ವರ್ಷದ ನಾಯಿಗೂ ಆಗುತ್ತೆ, ನಿಮ್ಮದು ಎರಡು ತಿಂಗಳ ಮರಿ. ಹೊಸ ಹೆಸರು 'ಬೆಲ್ಲ'. ಮೊದಲು ಬೆಲ್ಲ ಅನ್ನೋದು, ತಕ್ಷಣ ಬಡಿ ಅನ್ನೋದು, ತಿರುಗಿದಾಗ ತಿಂಡಿ. ಹೊಸದು ಮುಂದೆ, ಹಳೇದು ಹಿಂದೆ. ಎಂಟು ಹತ್ತು ದಿನದಲ್ಲಿ ಬೆಲ್ಲ ಅಂದ ಕೂಡಲೇ ತಿರುಗೋಕೆ ಶುರು ಮಾಡ್ತು, ಆಗ ಹಳೇದು ಬಿಟ್ವಿ. ನಾವು ಮೊದಲು ಉಲ್ಟಾ ಮಾಡಿ ಒಂದು ವಾರ ಹಾಳು ಮಾಡಿಕೊಂಡ್ವಿ. ಬಡಿ ಅಂತ ಮೊದಲು ಅಂದರೆ ಅದು ಅಷ್ಟಕ್ಕೇ ತಿರುಗಿಬಿಡುತ್ತೆ, ಆಮೇಲೆ ಅಂದ ಬೆಲ್ಲ ಅದರ ಲೆಕ್ಕಕ್ಕೇ ಇಲ್ಲ.

ಧಾರವಾಡ_ಪೇಡೆ
ನಮ್ಮನ್ಯಾಗ ಏನಾಗೇತಿ ಕೇಳ್ರಿ. ನಾಯಿಗೆ 'ಪುಟ್ಯಾ' ಅಂತ ಹೆಸರಿಟ್ಟೇವಿ. ಆರು ತಿಂಗಳ ಆದಮ್ಯಾಲೆ ನಮ್ಮ ತಮ್ಮಗ ಮಗಾ ಹುಟ್ಟಿದ. ಅವ್ವ ಕೂಸಿಗೂ ಪುಟ್ಯಾ, ನಾಯಿಗೂ ಪುಟ್ಯಾ! ಕೂಸಿನ್ನ ಮಾತಾಡಸಾಕ ಹ್ವಾದ್ರ ತೊಟ್ಟಲ ಬುಡಕ ನಾಯಿ ಹಾಜರ್. 'ಪುಟ್ಯಾ ಹಾಲ ಕುಡೀತಿ?' ಅಂದ್ರ ಅದು ಬಾಲ ಅಳ್ಳಾಡಸ್ತೇತಿ. ಪುಟ್ಟ, ಚಿನ್ನು, ಪಾಪು, ಬಂಗಾರ, ಇವು ಯಾವೂ ಇಡಬ್ಯಾಡ್ರಿ. ಇವತ್ತ ಮನ್ಯಾಗ ಕೂಸು ಇಲ್ಲಂದ್ರ ನಾಳೆ ಬರ್ತೇತಿ.

ಹೇಮಾವತಿ_ದಡ
ಪರೀಕ್ಷೆ ಮಾಡಿದೆ ಸರ್. ನಗಬೇಡಿ. 'ಡಬ್ಬಾ' ಅಂದರೆ ಸಿಂಬಾಗಿಂತ ಜೋರಾಗಿ ತಿರುಗಿತು! ಬಿಸ್ಕೆಟ್ ಡಬ್ಬದ ಮುಚ್ಚಳ ತೆಗೆಯುವಾಗ ಮಗಳು ದಿನಾ ಆ ಪದ ಹೇಳ್ತಾಳೆ, ಅದಕ್ಕೇ ಇರಬೇಕು. 'ಗಂಟೆ'ಗೆ ಬರೀ ಒಂದು ಕಿವಿ. 'ಸಿಂಬಾ'ಗೆ ಮೂರು ಸಲದಲ್ಲಿ ಒಂದ್ಸಲ.

ಇನ್ನೊಂದು ವಿಷಯ ನಿನ್ನೆ ರಾತ್ರಿ ಗೊತ್ತಾಯ್ತು. ನಮ್ಮತ್ತೆ ಯಾಕೆ ಹೆಸರು ಹೇಳಲ್ಲ ಅಂತ ಇಷ್ಟು ದಿನ ನಾನು, ಹಲ್ಲಿಲ್ಲ, ಬಾಯಿ ತಿರುಗಲ್ಲ ಅಂದ್ಕೊಂಡಿದ್ದೆ. ನಮ್ಮ ಮಾವ ತೀರಿಹೋಗಿ ಆರು ವರ್ಷ. ಅವರ ಹೆಸರು ನರಸಿಂಹೇಗೌಡ. ಅತ್ತೆ ಯಾವತ್ತೂ ಆ ಹೆಸರು ಬಾಯಲ್ಲಿ ತಂದಿದ್ದಿಲ್ಲ. ಬ್ಯಾಂಕಲ್ಲಿ ಕೇಳಿದರೂ 'ಇವಳ್ನ ಕೇಳಿ' ಅಂತ ನನ್ನ ಕಡೆ ಕೈ ತೋರಿಸ್ತಾರೆ, ನರಸಿಂಹಸ್ವಾಮಿ ದೇವಸ್ಥಾನಕ್ಕೂ ಬರೀ 'ಸ್ವಾಮಿ ಗುಡಿ' ಅಂತಾರೆ. ಮಗಳು ಮರಿ ತಂದ ದಿನವೇ 'ಅಜ್ಜೀ, ಸಿಂಬಾ ಅಂದ್ರೆ ಸಿಂಹ' ಅಂತ ಹೇಳಿದ್ದಾಳೆ. ಮುಗೀತು. ಅವರು ಆ ಹೆಸರಿಟ್ಟುಕೊಂಡು ನಾಯಿನ ಹೇಗೆ ಬೈತಾರೆ? ನನಗೆ ಹೊಳೆದೇ ಇರಲಿಲ್ಲ.

ಬೆಕ್ಕಿನಮನೆ_ಪುತ್ತೂರು
ಅಯ್ಯೋ, ಅದು ನಿಜ ಮಾರಾಯ್ರೆ. ನಮ್ಮಲ್ಲಿಯೂ ದೊಡ್ಡಮ್ಮ ಒಬ್ಬರು ಇದ್ದರು, ಯಜಮಾನರ ಹೆಸರಿನ ಊರಿಗೆ ಬಸ್ ಟಿಕೆಟ್ ಕೇಳುವಾಗ ಸಹ ಪಕ್ಕದವರನ್ನು ಕೇಳಿಸುತ್ತಿದ್ದರು. ಹೆಸರು ಇಡುವ ಮೊದಲು ಮನೆಯಲ್ಲಿ ಹಿರಿಯರ ಹೆಸರು, ತೀರಿಹೋದವರ ಹೆಸರು, ಮನೆದೇವರ ಹೆಸರು ಒಮ್ಮೆ ನೋಡಿಕೊಳ್ಳಬೇಕು. ಎದುರುಮನೆಯವರ ಹೆಸರೂ. ಇಲ್ಲದಿದ್ದರೆ ಬೈಯುವಾಗ ಕಷ್ಟ ಉಂಟು.

ಡಾಗ್‌ಸ್ಕ್ವಾಡ್_ಮಾಜಿ
ಮೇಡಂ, ಹಾಗಾದರೆ ಬದಲಾಯಿಸಿ. ದಿನಕ್ಕೆ ಹೆಚ್ಚು ಹೊತ್ತು ಮರಿ ಜೊತೆ ಇರೋರು ನಿಮ್ಮ ಅತ್ತೆ. ಅವರ ಬಾಯಿಗೆ ಬರದ ಹೆಸರು ಅರ್ಧ ಹೆಸರೇ. ಮರಿಗೆ ಸಿಂಬಾ ಇನ್ನೂ ಸರಿಯಾಗಿ ಕೂತಿಲ್ಲ, ಆದ್ದರಿಂದ ಜರ್ಸಿಯವರ ಹಾಗೆ ಹಳೇದು ಹೊಸದು ಸೇರಿಸೋ ಕಷ್ಟವೂ ಬೇಡ, ನೇರವಾಗಿ ಹೊಸದು ಶುರು ಮಾಡಿ.

ಆಯ್ಕೆ ಹೀಗೆ ಮಾಡಿ. ಮೂರು ನಾಲ್ಕು ಹೆಸರು ಇಟ್ಟುಕೊಳ್ಳಿ. ಕೂತ್ಕೊಂಡು 'ಈ ಹೆಸರು ಹೇಳಿ ನೋಡೋಣ' ಅಂತ ಕೇಳಬೇಡಿ, ಆಗ ಎಲ್ಲರೂ ನೆಟ್ಟಗೇ ಹೇಳ್ತಾರೆ. ಹಿತ್ತಲಿಗೆ ಕರ್ಕೊಂಡು ಹೋಗಿ, ಆ ಕಡೆ ತುದಿಯಲ್ಲಿರೋ ಮರಿನ ಊಟಕ್ಕೆ ಕರೆಯೋ ಹಾಗೆ ಕೂಗಿಸಿ. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಬಾರದು. ಫೋನಲ್ಲಿ ರೆಕಾರ್ಡ್ ಮಾಡಿ. ಜೋರಾಗಿ ಕರೆಯುವಾಗ ಕೊನೇ ಸ್ವರ ನಾವು ಎಳೀತೀವಲ್ಲ, ದೂರಕ್ಕೆ ಹೋಗೋದು ಅದೇ. ಐದೂ ಜನದ ಕೂಗಲ್ಲಿ ಸ್ವರ ಒಂದೇ ತರ ಇದ್ದರೆ, ಮಗು ಒಂದು ವ್ಯಂಜನ ತಪ್ಪಿದರೂ ನಡೆಯುತ್ತೆ.

ನಮ್ಮ ಬಾಯಿಗೆ ಕೆಲವು ಅಭ್ಯಾಸ ಇದೆ, ಅದನ್ನ ಮರೆತು ಹೆಸರಿಡಬೇಡಿ. 'ರಾಕ್ಸ್' ಅಂತ ಇಟ್ಟರೆ ಹಳ್ಳಿಯಲ್ಲಿ ಅದು 'ರಾಕ್ಸು'. 'ಹೀರೋ' ನಮ್ಮ ಕಡೆ 'ಈರೋ'. 'ಓರಿಯೋ' ಅಂತ ಇಟ್ಟವರ ಮನೇಲಿ ಅರ್ಧ ಜನ 'ವೋರಿಯೋ' ಅಂತಾರೆ. 'ಫ್ಲಫಿ' ಬಗ್ಗೆ ಹೇಳೋದೇ ಬೇಡ.

ಬಿಳಿಮರಿ_ತುಮಕೂರು
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ಬೆಕ್ಕು. ಪೂರ್ತಿ ಬಿಳಿ, ಎರಡೂ ಕಣ್ಣು ನೀಲಿ, ಐದು ತಿಂಗಳು. ಮಲ್ಲಿಗೆ ಅಂತ ಕರೆದರೆ ನೋಡಲ್ಲ, ಮಲ್ಲಿ ಅಂದೆ, ಮಿನ್ನಿ ಅಂದೆ, ಮೂರನೇ ಹೆಸರು ಇದು. ಯಾವ ಹೆಸರು ಹಿಡಿಸಬಹುದು?

ಬೆಕ್ಕಿನಮನೆ_ಪುತ್ತೂರು
ನೀವು ಹೆಸರು ಬದಲಾಯಿಸುವುದು ನಿಲ್ಲಿಸಿ, ಮೊದಲು ಕಿವಿ ನೋಡಿ. ಪೂರ್ತಿ ಬಿಳಿ ಮೈ, ಎರಡೂ ಕಣ್ಣು ನೀಲಿ ಇರುವ ಬೆಕ್ಕುಗಳಲ್ಲಿ ಹುಟ್ಟುಕಿವುಡು ತುಂಬಾ ಸಾಮಾನ್ಯ. ಸಣ್ಣ ಮರಿಯ ಕಣ್ಣು ಎಲ್ಲದರದ್ದೂ ನೀಲಿಯೇ, ಒಂದೂವರೆ ತಿಂಗಳ ಮೇಲೆ ಬಣ್ಣ ತಿರುಗುತ್ತದೆ. ಐದು ತಿಂಗಳಲ್ಲಿಯೂ ನೀಲಿ ಉಂಟು ಅಂದರೆ ಅದು ನಿಜವಾದ ನೀಲಿ.

ಅದು ಮಲಗಿರುವಾಗ, ಮುಖ ಆಚೆ ಇರುವಾಗ, ಹಿಂದಿನಿಂದ ಸ್ಟೀಲ್ ತಟ್ಟೆಗೆ ಚಮಚ ಬಡಿಯಿರಿ. ತಟ್ಟೆ ನೆಲಕ್ಕೆ ತಾಗಬಾರದು, ನಡುಕ ಕಾಲಿಗೆ ಗೊತ್ತಾಗುತ್ತದೆ. ಕೈ ಬೀಸಿದ ಗಾಳಿಯೂ ಮೀಸೆಗೆ ತಾಗಬಾರದು. ಕಿವಿ ಒಂದಿಷ್ಟೂ ತಿರುಗದಿದ್ದರೆ ಡಾಕ್ಟರಿಗೆ ತೋರಿಸಿ.

ಬಿಳಿಮರಿ_ತುಮಕೂರು
ಈಗಷ್ಟೇ ಬಡಿದು ನೋಡಿದೆ. ಪಕ್ಕದ ರೂಮಲ್ಲಿ ಮಲಗಿದ್ದ ಅಪ್ಪ ಎದ್ದು ಬಂದರು. ಮಲ್ಲಿಗೆ ಏಳಲಿಲ್ಲ.

ಬೆಕ್ಕಿನಮನೆ_ಪುತ್ತೂರು
ಬೇಜಾರು ಮಾಡಬೇಡಿ. ಕೇಳದ ಬೆಕ್ಕು ಮನೆಯೊಳಗೆ ಚೆನ್ನಾಗಿಯೇ ಇರುತ್ತದೆ. ಹೊರಗೆ ಮಾತ್ರ ಬಿಡಬೇಡಿ, ಗಾಡಿ, ನಾಯಿ ಬರುವುದು ಅದಕ್ಕೆ ಗೊತ್ತಾಗುವುದಿಲ್ಲ. ಕರೆಯುವುದಕ್ಕೆ ಲೈಟ್ ಎರಡು ಸಲ ಹಾಕಿ ಆರಿಸಿ, ಅಥವಾ ಅಂಗೈಯಿಂದ ನೆಲಕ್ಕೆ ಎರಡು ಸಲ ತಟ್ಟಿ. ಯಾವುದಾದರೂ ಒಂದೇ, ಎಲ್ಲರೂ ಅದನ್ನೇ. ಅದೇ ಅದರ ಹೆಸರು. ಮಲ್ಲಿಗೆ ಅಂತ ನಿಮಗೆ ಬೇಕಾದಾಗ ಕರೆಯಿರಿ.

ಬೆಕ್ಕಿನ ಬಗ್ಗೆ ಬಂದದ್ದಕ್ಕೆ ಇನ್ನೊಂದು ಮಾತು. 2019ರಲ್ಲಿ ಜಪಾನಿನವರ ಒಂದು ಸಂಶೋಧನೆ ಬಂದಿತ್ತು. ಹೆಸರಿನಷ್ಟೇ ಉದ್ದದ, ಅದೇ ಏರಿಳಿತದ ನಾಲ್ಕು ಪದ ಒಂದರ ಹಿಂದೆ ಒಂದು ಕೇಳಿಸಿದರು, ಬೆಕ್ಕಿಗೆ ಬೇಸರ ಬಂದು ಗಮನ ಕಮ್ಮಿ ಆಗುತ್ತಾ ಹೋಯಿತು. ಐದನೆಯದಾಗಿ ಅದರ ಹೆಸರು ಹೇಳಿದಾಗ ಕಿವಿ, ತಲೆ ಮತ್ತೆ ತಿರುಗಿತು. ಅಂದರೆ ಬೆಕ್ಕಿಗೆ ಹೆಸರು ಗೊತ್ತು. ಆದರೆ ತುಂಬಾ ಬೆಕ್ಕು ಒಟ್ಟಿಗೆ ಇರುವ ಕೆಫೆಯ ಬೆಕ್ಕುಗಳಿಗೆ ತನ್ನ ಹೆಸರಿಗೂ ಜೊತೆಯ ಬೆಕ್ಕಿನ ಹೆಸರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಅದು ಸರೀ ಕಂಡಿದ್ದೇನೆ. ಮೂರು ಬೆಕ್ಕು, ಯಾವುದನ್ನು ಕರೆದರೂ ಮೂರಕ್ಕೂ ಮೀನು ಹಾಕುತ್ತಿದ್ದೆ. ಮೂರೂ ಹೆಸರಿಗೆ ಮೂರೂ ಓಡಿ ಬರುತ್ತವೆ. ತಪ್ಪು ಅವುಗಳದ್ದಲ್ಲ.

ಮತ್ತೆ, ಬೆಕ್ಕು ಕರೆದ ಕೂಡಲೇ ಎದ್ದು ಬರಬೇಕು ಅಂತ ಕಾಯಬೇಡಿ. ಒಂದು ಕಿವಿ ತಿರುಗಿಸಿದರೆ ಅದು ಉತ್ತರ ಕೊಟ್ಟಾಯಿತು.

ಸಿಡುಕು_ಸಿದ್ಧ
ಬೆಕ್ಕಿನ ಮೇಲೂ ಸಂಶೋಧನೆ ಮಾಡ್ತಾರೆ ಅಂದ್ರೆ ಜಪಾನಿನವರಿಗೆ ಟೈಮ್ ಎಷ್ಟಿದೆ ನೋಡಿ. ನಾಯಿ ಮೇಲೆ ಏನೂ ಇಲ್ವಾ?

ಡಾಗ್‌ಸ್ಕ್ವಾಡ್_ಮಾಜಿ
ಇದೆ. 2020ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನವರು ಮಾಡಿದ್ದು. ನಾಯಿ ತಲೆಗೆ ನೋವಾಗದ ಹಾಗೆ ತಂತಿ ಅಂಟಿಸಿ ಮಾತು ಕೇಳಿಸಿದರು. ಗೊತ್ತಿರೋ ಪದಕ್ಕೂ ಪೂರ್ತಿ ಬೇರೆ ತರದ ಸುಳ್ಳು ಪದಕ್ಕೂ ಮಿದುಳು ಬೇರೆ ಬೇರೆ ಉತ್ತರ ಕೊಡ್ತು. ಆದರೆ ಗೊತ್ತಿರೋ ಪದದಲ್ಲಿ ಒಂದೇ ಒಂದು ಸದ್ದು ಬದಲಾಯಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಕಿವಿ ಚುರುಕು, ಆದರೆ ಪದದೊಳಗಿನ ಸಣ್ಣ ಸದ್ದಿನ ಕಡೆ ಗಮನ ಇಲ್ಲ. ಇದರಿಂದ ಹೆಸರಿಡೋರಿಗೆ ಎರಡು ವಿಷಯ ಸಿಗುತ್ತೆ. ಮಗು ಒಂದಕ್ಷರ ತಪ್ಪು ಹೇಳಿದರೂ ಮರಿ ಕ್ಷಮಿಸುತ್ತೆ. ಆದರೆ ಹೆಸರು ದಿನಬಳಕೆಯ ಇನ್ನೊಂದು ಮಾತಿಗೆ ಹತ್ತಿರ ಇದ್ದರೆ ಮರಿಗೆ ಎರಡೂ ಒಂದೇ.

ಹೇಮಾವತಿ_ದಡ
ಭಾನುವಾರ ಹಿತ್ತಲಲ್ಲಿ ಕೂಗಿಸಿದೆ ಸರ್. ನಾಲ್ಕು ಹೆಸರು ಇತ್ತು: ಮುದ್ದೆ, ಬೊಮ್ಮ, ಬೋಂಡಾ, ಜಾಮೂನು. ಎಲ್ಲ ತಿಂಡಿನೇ ಅಂತ ನಗಬೇಡಿ, ಮಗಳು ಸಿಂಬಾ ಬಿಟ್ಟುಕೊಡೋಕೆ ಹಾಕಿದ ಷರತ್ತು ಅದು. ಬೊಮ್ಮ ಮಾತ್ರ ಅತ್ತೆ ಸೇರಿಸಿದ್ದು.

ಎಲ್ಲರಿಗೂ ಹಿಡಿಸಿದ್ದು ಮುದ್ದೆ. ಮಗನೂ ಸರಿಯಾಗಿ ಹೇಳಿದ, ಅತ್ತೆ ನಕ್ಕರು. ಆದರೆ ನಮ್ಮ ಮನೇಲಿ ಎರಡು ಹೊತ್ತೂ ಮುದ್ದೆ. 'ಮುದ್ದೆ ಹಾಕು', 'ಇನ್ನೊಂದು ಮುದ್ದೆ ಬೇಕಾ', 'ಮುದ್ದೆ ನುಂಗು'. ಅದೆಲ್ಲ ಮರಿ ಕೇಳಿಸಿಕೊಂಡ್ರೆ ಕಥೆ ಮುಗೀತು. ಬೊಮ್ಮನೂ ಚೆನ್ನಾಗಿ ಬಂತು, ಆದರೆ ರೆಕಾರ್ಡ್ ಕೇಳುವಾಗ ಮನೆಯವರು ಹೇಳಿದ್ರು, ಮಗ ನನ್ನನ್ನ ಅಮ್ಮಾ ಅಂತ ಕೂಗೋದಕ್ಕೂ ಇದಕ್ಕೂ ದೂರದಿಂದ ವ್ಯತ್ಯಾಸವೇ ಇಲ್ಲ ಅಂತ. ಹಾಗಾಗಿ ಬೋಂಡಾ ಅಂತ ಇಡೋಣ ಅಂದ್ಕೊಂಡಿದೀವಿ. ಐದೂ ಜನದ್ದು ಒಂದೇ ತರ ಕೇಳ್ತಿದೆ.

ಡಾಗ್‌ಸ್ಕ್ವಾಡ್_ಮಾಜಿ
ಚೆನ್ನಾಗಿ ಮಾಡಿದೀರಿ. ಬೋಂಡಾಗೆ ಒಂದೇ ತಕರಾರು. ಮರಿ ಏನಾದರೂ ಕಚ್ಚೋಕೆ ಹೋದಾಗ ಮನೇಲಿ ಏನಂತೀರಿ?

ಹೇಮಾವತಿ_ದಡ
'ಬೇಡಾ' ಅಂತೀವಿ. ಓಹ್.

ಡಾಗ್‌ಸ್ಕ್ವಾಡ್_ಮಾಜಿ
ಅದೇ. ಬೇಡಾ, ಬೋಂಡಾ. ಚಪ್ಪಲಿ ಕಾಲದಲ್ಲಿ ಮರಿಗೆ ದಿನಕ್ಕೆ ನಲವತ್ತು ಸಲ ಬೇಡಾ ಬೀಳುತ್ತೆ, ಅದೂ ಗದರಿಸೋ ದನಿಯಲ್ಲಿ. ಬೋಂಡಾ ಅಂದಾಗಲೂ ಅದು ಕಿವಿ ಹಿಂದಕ್ಕೆ ಮಡಚಿ ನಿಲ್ಲುತ್ತೆ. ಇದಕ್ಕೆ ದಾರಿ ಇಲ್ಲ ಅಂತಲ್ಲ, ಹೆಸರು ಇಟ್ಟುಕೊಂಡು ಆಜ್ಞೆ ಬದಲಾಯಿಸಬಹುದು. ಬೇಡಾ ಬದಲು ಎಲ್ಲರೂ 'ಬಿಡು' ಅನ್ನಬೇಕು.

ಹೇಮಾವತಿ_ದಡ
ಅತ್ತೆ ಬಾಯಿಂದ ಬೇಡಾ ತಪ್ಪಿಸೋದು ಆಗದ ಮಾತು ಸರ್. ನನಗೇ ದಿನಕ್ಕೆ ಹತ್ತು ಸಲ ಅಂತಾರೆ. ಹಾಗಾದರೆ ಜಾಮೂನು. ಮಗ 'ದಾಮೂ' ಅಂತಾನೆ, ಉಳಿದವರು ಕೂಗುವಾಗ ತಾವಾಗೇ 'ಜಾಮೂ' ಅಂದ್ರು. ಜಾಮೂನು ಮಾಡೋದು ವರ್ಷಕ್ಕೆ ಎರಡು ಸಲ, ಆ ಪದ ಮನೇಲಿ ಬೇರೆ ಹೊತ್ತಲ್ಲಿ ಬರಲ್ಲ.

ಡಾಗ್‌ಸ್ಕ್ವಾಡ್_ಮಾಜಿ
ಜಾಮೂ ಸರಿ. ಉದ್ದ ಆ, ಉದ್ದ ಊ, ಹಿತ್ತಲಿಂದ ಗೇಟ್‌ವರೆಗೂ ಹೋಗುತ್ತೆ. ಬಾ, ಬೇಡಾ, ಕೂತ್ಕೋ, ತಗೋ, ಯಾವುದರ ಹತ್ತಿರಕ್ಕೂ ಬರಲ್ಲ.

ಈಗ ಕಲಿಸೋದು. ಬೇಯಿಸಿದ ಕೋಳಿಯನ್ನ ಕಡಲೆಕಾಳಿನಷ್ಟು ಚೂರು ಮಾಡಿ, ಉಪ್ಪು ಖಾರ ಈರುಳ್ಳಿ ಇಲ್ಲದ್ದು. ಸದ್ದಿಲ್ಲದ ಕೋಣೆ, ಮರಿ ಮತ್ತು ಒಬ್ಬರು ಮಾತ್ರ. ಮರಿ ಬೇರೆ ಕಡೆ ನೋಡುವಾಗ ಒಂದೇ ಸಲ 'ಜಾಮೂ' ಅನ್ನಿ. ತಿರುಗಿ ಮುಖ ನೋಡಿದ ಕ್ಷಣವೇ 'ಶಭಾಷ್' ಅನ್ನಿ, ಬಾಯಿಗೆ ಚೂರು ಹಾಕಿ. ತಡ ಮಾಡಿದರೆ ತಿಂಡಿ ಬೇರೆ ಯಾವುದಕ್ಕೋ ಸಿಕ್ಕಿತು ಅಂದ್ಕೊಳ್ಳುತ್ತೆ. ಎಂಟು ಹತ್ತು ಸಲ ಆದ ಮೇಲೆ ನಿಲ್ಲಿಸಿ, ದಿನಕ್ಕೆ ಮೂರು ಸಲ ಸಾಕು. ತಿರುಗಲಿಲ್ಲ ಅಂತ 'ಜಾಮೂ ಜಾಮೂ ಜಾಮೂ' ಅನ್ನಬೇಡಿ, ಆಮೇಲೆ ಮೂರು ಸಲ ಅಂದ ಮೇಲೇ ತಿರುಗಬೇಕು ಅಂತ ಕಲಿಯುತ್ತೆ. ತುಟಿಯಲ್ಲಿ ತ್ಚು ತ್ಚು ಅನ್ನಿ, ನೋಡುತ್ತೆ, ಚೂರು ಕೊಡಿ, ಮುಂದಿನ ಸಲ ಇನ್ನೂ ಹತ್ತಿರದಿಂದ ಕರೆಯಿರಿ.

ಮೊದಲು ನೀವು, ಎರಡು ದಿನ ಆದ ಮೇಲೆ ಅತ್ತೆ, ಆಮೇಲೆ ಮಗಳು, ಮನೆಯವರು. ಮಗನಿಗೆ ಕೊನೆಗೆ, ನೀವು ಪಕ್ಕದಲ್ಲಿ ಕೂತು. ಅವನು ದಾಮೂ ಅಂದರೂ ಚೂರು ಬೀಳಲಿ. ಕೋಣೆಯಲ್ಲಿ ಹತ್ತಕ್ಕೆ ಎಂಟು ಸಲ ತಿರುಗಿದರೆ ಹಜಾರಕ್ಕೆ ಬನ್ನಿ, ಆಮೇಲೆ ಹಿತ್ತಲು. ಬೈಯೋಕೆ, ಸ್ನಾನಕ್ಕೆ, ಇಂಜೆಕ್ಷನ್‌ಗೆ ಆ ಹೆಸರು ಹಿಡಿದು ಕರೆಯಬೇಡಿ, ನೀವೇ ಹೋಗಿ ಎತ್ಕೊಂಡು ಬನ್ನಿ.

ಸಿಡುಕು_ಸಿದ್ಧ
ಇಷ್ಟೆಲ್ಲ ಕೋಳಿ ಹಾಕಿದ್ರೆ ಸಿಂಬಾ ಅಂದ್ರೂ ಬರ್ತಿತ್ತು.

ಡಾಗ್‌ಸ್ಕ್ವಾಡ್_ಮಾಜಿ
ಬರ್ತಿತ್ತು. ನಿಮ್ಮ ಈ ಮಾತು ಪೂರ್ತಿ ಸರಿ. ಅತ್ತೆ ಕರೀತಿರಲಿಲ್ಲ ಅಷ್ಟೆ.

ಧಾರವಾಡ_ಪೇಡೆ
ನಮ್ಮ ಪುಟ್ಯಾನ್ನೂ ಬದ್ಲ ಮಾಡಬೇಕಂತೇನಿ. ಆದ್ರ ಅವ್ವ ಒಪ್ಪವಲ್ಲಳು. ಬೇಕಂದ್ರ ಕೂಸಿನ ಹೆಸರ ಬದ್ಲ ಮಾಡ್ರಿ ಅಂತಾಳ.

ಹೇಮಾವತಿ_ದಡ
ಹದಿನಾರು ದಿನ ಆಯ್ತು, ಹೇಗಾಯ್ತು ಅಂತ ಹೇಳೋಣ ಅಂತ ಬಂದೆ. ನನ್ನ ಹತ್ರ ಹತ್ತಕ್ಕೆ ಒಂಬತ್ತು. ಅತ್ತೆ ಹತ್ರ ಹತ್ತಕ್ಕೆ ಹತ್ತು, ಯಾಕಂದ್ರೆ ಅವರು ಕಡಲೆಕಾಳಿನಷ್ಟು ಅಲ್ಲ, ನೆಲ್ಲಿಕಾಯಷ್ಟು ಹಾಕ್ತಾರೆ. ಮಗನ ದಾಮೂಗೆ ಹಿತ್ತಲಲ್ಲೂ ತಿರುಗುತ್ತೆ. ಮನೆಯವರ ಹತ್ರ ಇನ್ನೂ ಆರೇ, ಅವರು ಮರೆತು ಸಿಂಬೂ ಅಂತಾರೆ. ಡಬ್ಬಾ ಪರೀಕ್ಷೆ ಮತ್ತೆ ಮಾಡಿದೆ. 'ಗಂಟೆ', 'ಕಾಗೆ', 'ಚೀಲ' ಮೂರಕ್ಕೂ ಕಿವಿ ಅಲ್ಲಾಡಿಸಲಿಲ್ಲ, ಜಾಮೂ ಅಂದಾಗ ತಲೆ ಎತ್ತಿತು. ಡಬ್ಬಾ ಮಾತ್ರ ಕೇಳಬೇಡಿ, ಅದು ಜೀವನಪೂರ್ತಿ ಅದರ ಎರಡನೇ ಹೆಸರು.

ಒಂದು ಹೊಸ ತಲೆನೋವು. ಎದುರುಮನೆ ಹುಡುಗನ ಹೆಸರು ರಾಮು. ಸಂಜೆ ಆರಕ್ಕೆ ಅವರಮ್ಮ ರಸ್ತೆಗೆ ಬಂದು 'ರಾಮೂ' ಅಂತ ಕೂಗಿದರೆ ನಮ್ಮದು ಗೇಟಿಗೆ ಓಡಿಹೋಗಿ ನಿಲ್ಲುತ್ತೆ. ನಾಲ್ಕು ಹೆಸರು ಜರಡಿ ಹಿಡಿದಾಗ ಎದುರುಮನೆ ನೆನಪಾಗಲಿಲ್ಲ.

ಬೆಕ್ಕಿನಮನೆ_ಪುತ್ತೂರು
ನಾನು ಹೇಳಿದ್ದೆನಲ್ಲ ಮಾರಾಯ್ರೆ, ಎದುರುಮನೆ ಅಂತ!

ಡಾಗ್‌ಸ್ಕ್ವಾಡ್_ಮಾಜಿ
ಹೆಸರು ಮತ್ತೆ ಬದಲಾಯಿಸಬೇಡಿ. ಅವರ ದನಿಗೆ ಅದಕ್ಕೆ ಏನೂ ಸಿಗದಿದ್ದರೆ ತಾನಾಗಿ ಕಮ್ಮಿ ಆಗುತ್ತೆ, ನಾಯಿ ದನಿ ಗುರುತಿಸುತ್ತೆ. ಗೇಟ್ ಹತ್ತಿರ ಅವರು ಏನಾದರೂ ಹಾಕ್ತಾರಾ?

ಹೇಮಾವತಿ_ದಡ
ರಾಮು ಹಾಕ್ತಾನೆ ಸರ್. ದಿನಾ ಒಂದು ಬಿಸ್ಕೆಟ್.